ಬಿಲ್ ಸೆಪ್ಟೆಂಬರ್‌ದು, ಮೆಷಿನ್ ಓಡಿದ್ದು ಅಕ್ಟೋಬರ್‌ನಲ್ಲಿ: ಡಿಪ್ರಿಸಿಯೇಶನ್ ಎಂಟ್ರಿ ಹಾಕಿದ ನನ್ನ ಅನುಭವ

ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್‌ಗೆ ನಾನು ಲೆಕ್ಕ ಬರೆಯುತ್ತೇನೆ. ಒಬ್ಬರೇ ಮಾಲೀಕರು, ಕಂಪನಿ ಅಲ್ಲ. ಅವರ ಪುಸ್ತಕದಲ್ಲೂ ಇನ್‌ಕಮ್ ಟ್ಯಾಕ್ಸ್ ರೇಟಿನಲ್ಲೇ ಡಿಪ್ರಿಸಿಯೇಶನ್ ಹಾಕುವುದು ಮೊದಲಿಂದ ಬಂದ ರೂಢಿ. ಪದ್ಧತಿ ಡಬ್ಲ್ಯೂಡಿವಿ, ಅಂದರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇಕಡಾ ಲೆಕ್ಕ. ಮೆಷಿನರಿ ಬ್ಲಾಕಿಗೆ, ಅಂದರೆ ಒಂದೇ ರೇಟಿನ ಮೆಷಿನ್‌ಗಳ ಒಟ್ಟು ಗುಂಪಿಗೆ, ಶೇ. 15.

2024-25ರಲ್ಲಿ ಅವರು ಒಂದು ಪೇಪರ್ ಕಟಿಂಗ್ ಮೆಷಿನ್ ತಂದರು. ಬಿಲ್ ತಾರೀಕು ಸೆಪ್ಟೆಂಬರ್ 20. ಲಾರಿಯಿಂದ ಇಳಿದದ್ದು 27ಕ್ಕೆ. ಮಾರ್ಚ್ ಮುಗಿದ ಮೇಲೆ ನಾನು ಡಿಪ್ರಿಸಿಯೇಶನ್ ಚಾರ್ಟ್ ಮಾಡಲು ಕೂತಾಗ ಬಿಲ್ ನೋಡಿದೆ, ಸೆಪ್ಟೆಂಬರ್ 20ರಿಂದ ಮಾರ್ಚ್ 31ಕ್ಕೆ 193 ದಿನ ಆಯಿತು, ಪೂರ್ತಿ ರೇಟಿಗೆ ಬೇಕಾದ 180 ದಾಟಿದೆ, ಹಾಗಾದರೆ ಪೂರ್ತಿ ಶೇ. 15 ಎಂದು ಬರೆದುಬಿಟ್ಟೆ. ಅದು ತಪ್ಪು. ಆ ತಪ್ಪು ಹೇಗೆ ಕಂಡಿತು, ಹೇಗೆ ಸರಿಮಾಡಿದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಡಿಟ್ ವರದಿಯ 3CD ಫಾರ್ಮ್‌ನಲ್ಲಿ ವರ್ಷದ ನಡುವೆ ಸೇರಿದ ಪ್ರತಿ ಆಸ್ತಿಗೂ ಬಳಕೆಗೆ ಬಂದ ತಾರೀಕು ಕೊಡಬೇಕು. ಆಡಿಟರ್ ಅದನ್ನೇ ಕೇಳಿದರು. ಮಾಲೀಕರಿಗೆ ಫೋನ್ ಮಾಡಿದೆ. ‘ಬಿಲ್ ಮೇಲೇ ಸೆಪ್ಟೆಂಬರ್ ಅಂತ ಇದೆಯಲ್ಲಮ್ಮ’ ಅಂದರು. ‘ಬಿಲ್ ಇರಲಿ ಸರ್, ಕಟಿಂಗ್ ಶುರು ಮಾಡಿದ್ದು ಯಾವತ್ತು?’ ಎಂದೆ. ಆಗ ಗೊತ್ತಾಯಿತು. ಮೆಷಿನ್ ಬಂದಾಗ ಹಳೇ ಸ್ವಿಚ್‌ಬೋರ್ಡಿಗೆ ಅದರ ಲೋಡ್ ತಡೆಯುವ ಶಕ್ತಿ ಇರಲಿಲ್ಲ. ಹೊಸ ವೈರಿಂಗ್ ಆಗುವವರೆಗೆ ಮೆಷಿನ್ ಪ್ಲಾಸ್ಟಿಕ್ ಹೊದ್ದು ಮೂಲೆಯಲ್ಲೇ ನಿಂತಿತ್ತಂತೆ. ಮೆಕ್ಯಾನಿಕ್ ಬಂದು ಕೂರಿಸಿ, ಬ್ಲೇಡ್ ಹೊಂದಿಸಿ, ಒಂದು ಚೀಟಿ ಬರೆದುಕೊಟ್ಟು ಹೋಗಿದ್ದ. ಬಿಲ್ಲಿನ ಹಿಂದೆ ಪಿನ್ ಹೊಡೆದಿದ್ದ ಆ ತೆಳು ಚೀಟಿಯ ಮೇಲೆ ಇದ್ದ ತಾರೀಕು 14-10-2024. ಪ್ರೆಸ್‌ನ ಜಾಬ್ ಪುಸ್ತಕ ತರಿಸಿ ನೋಡಿದೆ. ಆ ಮೆಷಿನ್ ಮೇಲೆ ಮೊದಲ ಕೆಲಸ, ರಸೀದಿ ಪುಸ್ತಕದ ಕಟಿಂಗ್, ಅದೇ ದಿನ ಬರೆದಿತ್ತು.

ಈಗ ದಿನ ಎಣಿಸಿ. ಅಕ್ಟೋಬರ್‌ನಲ್ಲಿ 18, ಆಮೇಲೆ 30, 31, 31, 28, 31. ಒಟ್ಟು 169. ಕೊಂಡ ವರ್ಷದಲ್ಲೇ ಬಳಕೆ 180 ದಿನಕ್ಕಿಂತ ಕಡಿಮೆ ಆದರೆ ಆ ವರ್ಷಕ್ಕೆ ಅರ್ಧ ರೇಟು, ಅಂದರೆ ಶೇ. 7.5. ಬಿಲ್ ತಾರೀಕು ಹಿಡಿದರೂ ಪೂರ್ತಿ ರೇಟು ಬರುತ್ತಿತ್ತು, ಲಾರಿ ಬಂದ ದಿನ ಹಿಡಿದರೂ 186 ದಿನ ಆಗಿ ಪೂರ್ತಿಯೇ ಬರುತ್ತಿತ್ತು, ಆದರೆ ಲೆಕ್ಕಕ್ಕೆ ಬರುವುದು ಕೆಲಸಕ್ಕೆ ಹಚ್ಚಿದ ದಿನ. ಸಾಮಾನ್ಯ ವರ್ಷದಲ್ಲಿ ಅಕ್ಟೋಬರ್ 3ಕ್ಕೆ ಶುರುವಾದರೆ ಸರಿಯಾಗಿ 180 ದಿನ ಸಿಗುತ್ತದೆ, 4ಕ್ಕೆ ಆದರೆ ಅರ್ಧ. ಫೆಬ್ರವರಿ 29 ಬರುವ ವರ್ಷದಲ್ಲಿ ಮಾತ್ರ 4ನೇ ತಾರೀಕೂ ನಡೆಯುತ್ತದೆ. ಹಾಗಾಗಿ ಸೆಪ್ಟೆಂಬರ್ ಕೊನೆಯ ಬಿಲ್ ಕಂಡರೆ ಈಗ ನಾನು ಚೀಟಿ ನೋಡದೆ ಮುಂದೆ ಹೋಗುವುದಿಲ್ಲ. ಇನ್ನೊಂದು ಮಾತು, ಮೆಷಿನ್ ಮಾರ್ಚ್ ಕೊನೆಗೆ ಬಂದು ಏಪ್ರಿಲ್‌ನಲ್ಲಿ ಓಡಿದರೆ ಆ ವರ್ಷ ಅರ್ಧವೂ ಇಲ್ಲ, ಏನೂ ಇಲ್ಲ. ಮುಂದಿನ ವರ್ಷ ಪೂರ್ತಿ ಸಿಗುತ್ತದೆ.

ರೇಟು ಸರಿಹೋಯಿತು. ಆದರೆ ಯಾವ ಮೊತ್ತದ ಮೇಲೆ? ಲೆಡ್ಜರ್‌ನಲ್ಲಿ ಮೆಷಿನ್ 4,00,000 ಎಂದು ನಿಂತಿತ್ತು. ಲಾರಿ ಬಾಡಿಗೆ 12,000 ಸಾಗಣೆ ಖರ್ಚಿಗೆ ಹೋಗಿತ್ತು, ಕೂರಿಸಿದ ಕೂಲಿ ಮತ್ತು ಅಡಿಪಾಯದ ಸಿಮೆಂಟ್ ಕೆಲಸ ಸೇರಿ 8,000 ರಿಪೇರಿ ಖಾತೆಗೆ ಹೋಗಿತ್ತು. ಮೆಷಿನ್ ಓಡುವ ಸ್ಥಿತಿಗೆ ತರಲು ಆದ ಖರ್ಚು ಮೆಷಿನ್‌ನ ಬೆಲೆಯೇ ಅಲ್ವಾ? ಒಂದು ಜರ್ನಲ್ ಹಾಕಿ ಆ 20,000ವನ್ನು ಮೆಷಿನರಿ ಖಾತೆಗೆ ತಂದೆ, ಬೆಲೆ 4,20,000 ಆಯಿತು. ಬಾಡಿಗೆಯನ್ನು ಯುಪಿಐನಲ್ಲಿ ಕೊಟ್ಟಿದ್ದಾರಾ ಎಂದು ಆಗಲೇ ನೋಡಿಕೊಂಡೆ, ಯಾಕೆಂದರೆ ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟಿದ್ದರೆ ಆ ಹಣವನ್ನು ಬೆಲೆಗೆ ಸೇರಿಸುವಂತಿಲ್ಲ. ಜಿಎಸ್‌ಟಿ 72,000 ಸೇರಿಸಲಿಲ್ಲ. ಅದರ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಾಗಿದೆ, ಅದರ ಮೇಲೆ ಡಿಪ್ರಿಸಿಯೇಶನ್ ಕೂಡ ತೆಗೆದುಕೊಂಡರೆ ಕ್ರೆಡಿಟ್ಟೇ ಹೋಗುತ್ತದೆ. ಈ ಮೆಷಿನ್‌ಗೆ ಸಾಲ ಇರಲಿಲ್ಲ. ಇದ್ದಿದ್ದರೆ ಅಕ್ಟೋಬರ್ 14ರವರೆಗಿನ ಬಡ್ಡಿಯನ್ನೂ ಬೆಲೆಗೇ ಸೇರಿಸಬೇಕಿತ್ತು.

ಲೆಕ್ಕ ಸರಳ. ಏಪ್ರಿಲ್ 1ಕ್ಕೆ ಬ್ಲಾಕ್‌ನಲ್ಲಿದ್ದ ಹಳೇ ಮೆಷಿನ್‌ಗಳ ಉಳಿದ ಬೆಲೆ 6,00,000, ಅದರ ಶೇ. 15 ಅಂದರೆ 90,000. ಹೊಸದರ 4,20,000ಕ್ಕೆ ಶೇ. 7.5 ಅಂದರೆ 31,500. ಎರಡೂ ಸೇರಿ 1,21,500. ನನ್ನ ಮೊದಲ ಚಾರ್ಟಿನಲ್ಲಿ ಹೊಸ ಮೆಷಿನ್ ಒಂದಕ್ಕೇ 60,000 ಬರೆದಿದ್ದೆ. ಟ್ಯಾಲಿಯಲ್ಲಿ F7 ಒತ್ತಿ ಮಾರ್ಚ್ 31ರ ತಾರೀಕಿಗೆ ಒಂದೇ ಎಂಟ್ರಿ:

```
31-03-2025   Journal
By  Depreciation A/c             1,21,500
    To  Plant & Machinery A/c        1,21,500
```

ವಿವರಣೆಯಲ್ಲಿ ಸುಮ್ನೆ ‘ವರ್ಷದ ಡಿಪ್ರಿಸಿಯೇಶನ್’ ಎಂದು ಬರೆದು ಬಿಡಬೇಡಿ. ಹಳೇದಕ್ಕೆ ಎಷ್ಟು, ಹೊಸದಕ್ಕೆ ಎಷ್ಟು, ಬಳಕೆಗೆ ಬಂದದ್ದು 14-10-2024, 169 ದಿನ ಎಂದು ನಾನು ಅಲ್ಲೇ ಬರೆದಿಟ್ಟೆ. ಎರಡು ವರ್ಷ ಬಿಟ್ಟು ಯಾರಾದರೂ ಕೇಳಿದರೆ ಫೈಲ್ ಹುಡುಕುವ ಕೆಲಸ ಇಲ್ಲ. ಎಂಟ್ರಿ ಆದ ಮೇಲೆ ಲೆಡ್ಜರ್ ಬಾಕಿ 8,98,500 ತೋರಿಸಬೇಕು, ಚಾರ್ಟಿನ ಕೊನೆಯ ಕಾಲಂನಲ್ಲೂ ಅದೇ ಇರಬೇಕು.

ಈ ಅರ್ಧ ರೇಟಿನ ನಿಯಮವನ್ನು ಕಂಪನಿಯ ಪುಸ್ತಕಕ್ಕೆ ಹಚ್ಚಬೇಡಿ. ಅಲ್ಲಿ ಕಂಪನಿ ಕಾಯ್ದೆ ಪ್ರಕಾರ ಆಸ್ತಿಯ ಆಯುಷ್ಯ ನೋಡಿ ರೇಟು ತೆಗೆದು ದಿನದ ಲೆಕ್ಕದಲ್ಲಿ ಹಾಕಬೇಕು. ಇದೇ ಮೆಷಿನ್‌ಗೆ 15 ವರ್ಷ ಆಯುಷ್ಯ, ಕೊನೆಗೆ ಶೇ. 5 ಬೆಲೆ ಎಂದು ಹಿಡಿದರೆ ಡಬ್ಲ್ಯೂಡಿವಿ ರೇಟು ಶೇ. 18.10 ಬರುತ್ತದೆ. ಅದರ ಮೇಲೆ 365ರಲ್ಲಿ 169 ದಿನ ಅಂದರೆ ಸುಮಾರು 35,198. ಟ್ಯಾಕ್ಸ್ ಲೆಕ್ಕಕ್ಕೆ ಆಗಲೂ 31,500 ಬೇರೆಯಾಗಿಯೇ ಇರುತ್ತದೆ.

ಮುಂದಿನ ವರ್ಷದ್ದು ಒಂದು ವಿಷಯ ಉಳಿದಿದೆ. ‘ಉಳಿದರ್ಧ ಹೋಯಿತಾ?’ ಎಂದು ಮಾಲೀಕರು ಕೇಳಿದ್ದರು. ಹೋಗಿಲ್ಲ ಎಂದು ಹೇಳಿದೆ. ಕಡಿಮೆ ಕಳೆದದ್ದರಿಂದ ಬಾಕಿ ಜಾಸ್ತಿ ಉಳಿದಿದೆ, ಮುಂದಿನ ವರ್ಷಗಳಲ್ಲಿ ಆ ಜಾಸ್ತಿ ಬಾಕಿಯ ಮೇಲೇ ಡಿಪ್ರಿಸಿಯೇಶನ್ ಸಿಗುತ್ತದೆ. ಹೊಸ ಮೆಷಿನ್‌ನ ಬೇರೆ ಸಾಲನ್ನು ನಾನು 2025-26ರ ಚಾರ್ಟಿನಲ್ಲಿ ಉಳಿಸಲಿಲ್ಲ. ಹಳೇ ಚಾರ್ಟ್ ಕಾಪಿ ಮಾಡಿದಾಗ ಆ ಸಾಲು 7.5 ಸಮೇತ ಹಾಗೇ ಬರುತ್ತದೆ, ಅದನ್ನು ಅಳಿಸಬೇಕು. ಇಡೀ 8,98,500 ಈಗ ಒಂದೇ ಬ್ಲಾಕ್. ಹೊಸದು ಸೇರದೆ, ಯಾವುದನ್ನೂ ಮಾರದೆ ಇದ್ದರೆ ಅದರ ಶೇ. 15, ಅಂದರೆ 1,34,775.