ಸ್ಟ್ರಿಪ್ ಬಿಡಿಸಿ ಟ್ರೇ ಕೊಟ್ಟಿದ್ದು: ಹಲ್ಲಿನ ಬ್ಲೀಚಿಂಗ್‌ನಲ್ಲಿ ನನ್ನ ಅನುಭವ

ಹಲ್ಲು ಬೆಳ್ಳಗಾಗಲೆಂದು ಅಂಗಡಿಯಲ್ಲಿ ಸಿಗುವ ಜೆಲ್ ಸವರಿದ ಸ್ಟ್ರಿಪ್ ಹಚ್ಚಿಕೊಂಡು ವಸಡು ಸುಟ್ಟುಕೊಂಡವರು ನನ್ನ ಕ್ಲಿನಿಕ್ಕಿಗೆ ಆಗಾಗ ಬರುತ್ತಾರೆ. ಮದುವೆ ಹತ್ತಿರವಿದ್ದ ಒಬ್ಬರದು ಸರಿಯಾದ ಉದಾಹರಣೆ. ಡಬ್ಬಿಯಲ್ಲಿ ಅರ್ಧ ಗಂಟೆ ಎಂದಿದ್ದರೆ ಇವರು ಒಂದು ಗಂಟೆ ಇಟ್ಟುಕೊಂಡಿದ್ದರು. ವಸಡಿನ ಅಂಚು ಬಿಳಿಚಿತ್ತು, ಮುಟ್ಟಿದರೆ ಉರಿ. ಅದು ಜೆಲ್‌ನಲ್ಲಿರುವ ಬ್ಲೀಚ್ ರಾಸಾಯನಿಕ ಪೆರಾಕ್ಸೈಡ್ ಸುಟ್ಟ ಗುರುತು. ಸ್ಟ್ರಿಪ್ ನೇರ ಪಟ್ಟಿ, ವಸಡು ಬಳುಕುವ ಅಂಚು. ಹೀಗಾಗಿ ಜೆಲ್ ವಸಡಿನ ಮೇಲೂ ಕೂರುತ್ತದೆ. ಈ ಬಿಳಿಚು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಾಯುತ್ತದೆ.

ನನಗೆ ಜಾಸ್ತಿ ಚಿಂತೆಯಾಗಿದ್ದು ಕೋರೆಹಲ್ಲಿನದು. ಅಲ್ಲಿ ವಸಡು ಕೆಳಗೆ ಸರಿದು ಬೇರು ಕಾಣುತ್ತಿತ್ತು. ಬೇರಿನ ಮೇಲೆ ಎನಾಮೆಲ್ ಇರುವುದಿಲ್ಲ. ಪೆರಾಕ್ಸೈಡ್ ಹಲ್ಲಿನ ಒಳಪದರವಾದ ಡೆಂಟಿನ್ನಿನ ಸಣ್ಣ ನಾಳಗಳಲ್ಲಿ ಹಾದು ಸೀದಾ ನರದ ಕಡೆ ಹೋಗುತ್ತದೆ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವುದು ಅದಕ್ಕೇ.

"ಮೇಡಂ, ಒಂದೇ ಸಿಟ್ಟಿಂಗ್‌ನಲ್ಲಿ ಮಾಡಿಬಿಡಿ" ಎಂದರು.

"ಈಗ ಬೇಡಮ್ಮ" ಎಂದೆ. ಕ್ಲಿನಿಕ್ಕಿನ ಜೆಲ್‌ನಲ್ಲಿ ಸಾಮಾನ್ಯವಾಗಿ 35ರಿಂದ 40% ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ವಸಡಿಗೆ ರಾಳದ ಲೇಪ ಹಚ್ಚಿ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿದ ಮೇಲಷ್ಟೇ ಅದನ್ನು ಹಾಕಬೇಕು. ವಸಡನ್ನು ಹೀಗೆ ಕಾಪಾಡಬಹುದು, ಆದರೆ ಜುಮ್ಮೆನ್ನುವ ಹಲ್ಲಿನ ನರವನ್ನಲ್ಲ. ಅಲ್ಲದೆ ಅವತ್ತು ಕಾಣುವ ಬಿಳುಪಿನಲ್ಲಿ ಒಂದು ಪಾಲು ಹಲ್ಲು ಒಣಗಿದ್ದರಿಂದ ಬಂದದ್ದು. ಕೆಲವು ದಿನಗಳಲ್ಲಿ ಅಷ್ಟು ಇಳಿಯುತ್ತದೆ.

ಎರಡು ವಾರ ಸ್ಟ್ರಿಪ್ ನಿಲ್ಲಿಸಿ, ಜುಮ್ಮೆನ್ನುವುದನ್ನು ತಗ್ಗಿಸುವ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಲು ಹೇಳಿದೆ. ಆಮೇಲೆ ಹಲ್ಲಿನ ಅಚ್ಚು ತೆಗೆದು ಅವರ ಬಾಯಿಗೇ ಹೊಂದುವ ಮೆತ್ತನೆ ಟ್ರೇ ಮಾಡಿದೆ. ಇಲ್ಲಿ ಕತ್ತರಿ ಕೆಲಸವೇ ಮುಖ್ಯ. ವಸಡಿನ ಬಳುಕನ್ನೇ ಹಿಂಬಾಲಿಸಿ, ವಸಡಿಗೆ ತಾಗದ ಹಾಗೆ ಅಂಚು ಕತ್ತರಿಸಬೇಕು. ಒಳಗೆ 10% ಕಾರ್ಬಮೈಡ್ ಪೆರಾಕ್ಸೈಡ್. ಅದರಿಂದ ಹೊರಬರುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 3.5% ಅಷ್ಟೇ. ಹಲ್ಲಿಗೆ ಒಂದು ಅಕ್ಕಿ ಕಾಳಿನಷ್ಟು ಸಾಕು. ಹೊರಗೆ ಉಕ್ಕಿದ್ದನ್ನು ಬಟ್ಟೆಯಿಂದ ಒರೆಸಬೇಕು. ಕೋರೆಹಲ್ಲಿನ ಜಾಗ ಖಾಲಿ ಬಿಡಿಸಿದೆ. ದಿನ ಬಿಟ್ಟು ದಿನ ರಾತ್ರಿ ಹಾಕಿಕೊಂಡರು.

ಎನಾಮೆಲ್ ಕರಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಮೇಲ್ಪದರ ಸ್ವಲ್ಪ ಮೆತ್ತಗಾದರೂ ಜೊಲ್ಲು ಅದನ್ನು ಸರಿಪಡಿಸುತ್ತದೆ. ಹುಳಿ ಜೆಲ್, ಬಿಡುವಿಲ್ಲದ ಬಳಕೆ, ಮೇಲೆ ನಿಂಬೆ-ಸೋಡಾ ತಿಕ್ಕಾಟ ಬೇರೆ ಮಾತು. ಹಾಗೆ ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಮೂರು ವಾರದಲ್ಲಿ ಹಲ್ಲು ಬೆಳ್ಳಗಾಯಿತು, ಮುಂದಿನ ಹಲ್ಲಿನ ಹಳೇ ಫಿಲ್ಲಿಂಗ್ ಮಾತ್ರ ಹಳದಿಯಾಗಿಯೇ ಉಳಿಯಿತು. ಬ್ಲೀಚ್ ಫಿಲ್ಲಿಂಗಿನ, ಕ್ಯಾಪಿನ ಬಣ್ಣ ಬದಲಿಸುವುದಿಲ್ಲ. ಆದರೆ ಅದನ್ನು ತಕ್ಷಣ ಬದಲಿಸುವ ಹಾಗಿಲ್ಲ, ಹಲ್ಲಿನಲ್ಲಿ ಉಳಿದ ಆಮ್ಲಜನಕ ಹೊಸ ಫಿಲ್ಲಿಂಗ್ ಸರಿಯಾಗಿ ಅಂಟಲು ಬಿಡುವುದಿಲ್ಲ. ಎರಡು ವಾರ ಕಾದು, ಹೊಸ ಬಣ್ಣಕ್ಕೆ ಹೊಂದಿಸಿ ಹಾಕಿದೆ.