ಎಲಾಸ್ಟಿಕ್ ಲೇಸ್ ಹಾಕುವಾಗ ಕತ್ತರಿ ಕೊನೆಗೆ

ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್‌ನಲ್ಲಿ ಸೈಕಲ್ ಇಳಿದವರು ಶೂ ಹಾಕಿಕೊಳ್ಳುವ ಜಾಗಕ್ಕೆ ಹೋಗಿ ನೋಡಿ. ಬೆರಳು ಒದ್ದೆ, ಕೈ ನಡುಗುತ್ತಿರುತ್ತದೆ, ಮಾಮೂಲಿ ಲೇಸ್ ಕಟ್ಟಲು ಹೋದವರು ಅಲ್ಲೇ ಬಗ್ಗಿ ಒದ್ದಾಡುತ್ತಿರುತ್ತಾರೆ. ಪಕ್ಕದವರು ಎಲಾಸ್ಟಿಕ್ ಲೇಸಿನ ಶೂ ಒಳಗೆ ಕಾಲು ತುರುಕಿ ಓಡಿಹೋಗುತ್ತಾರೆ. ಆದರೆ ಅವರಲ್ಲೇ ಕೆಲವರು ಸ್ವಲ್ಪ ದೂರ ಹೋಗಿ ಕುಂಟುತ್ತಾರೆ. ತಪ್ಪು ಲೇಸಿನದಲ್ಲ, ಹಾಕಿದ ರೀತಿಯದು.

ಹಳೇ ಲೇಸ್ ತೆಗೆದು ಎಲಾಸ್ಟಿಕ್ ಪೋಣಿಸುವುದು ಸುಲಭ. ಕೆಳಗಿನ ತೂತಿನಿಂದ ಅಡ್ಡಡ್ಡ ದಾಟಿಸುತ್ತಾ ಮೇಲಕ್ಕೆ ಬನ್ನಿ, ಎರಡೂ ತುದಿಯನ್ನು, ಗಂಟಿನ ಬದಲು ಲೇಸನ್ನು ಹಿಡಿದಿಡುವ ಪುಟ್ಟ ಲಾಕ್ ಒಳಗೆ ತೂರಿಸಿ. ಕತ್ತರಿ ಮಾತ್ರ ಇನ್ನೂ ಮುಟ್ಟಬೇಡಿ.

ಕಷ್ಟ ಇರುವುದು ಬಿಗಿ ಹೊಂದಿಸುವುದರಲ್ಲಿ. ಬೆಳಗ್ಗೆ ಎದ್ದು, ಕುರ್ಚಿ ಮೇಲೆ ಕೂತು ಇದನ್ನು ಮಾಡಬೇಡಿ. ಓಡಿದಾಗ ಪಾದ ಸ್ವಲ್ಪ ಊದುತ್ತದೆ, ಭಾರ ಬಿದ್ದಾಗ ಅಗಲವಾಗುತ್ತದೆ. ಹಾಗಾಗಿ ಮೊದಲು ಹದಿನೈದು, ಇಪ್ಪತ್ತು ನಿಮಿಷ ಓಡಿ ಬನ್ನಿ. ಸ್ಪರ್ಧೆಯ ದಿನ ಹಾಕುವ ಸಾಕ್ಸನ್ನೇ ಹಾಕಿ, ಸಾಕ್ಸ್ ಇಲ್ಲದೆ ಓಡುವವರಾದರೆ ಬರಿಗಾಲಲ್ಲೇ ಹಾಕಿ ನೋಡಿ. ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಂತು, ಬೆರಳಿನ ಕಡೆಯಿಂದ ಒಂದೊಂದೇ ಅಡ್ಡದಾರವನ್ನು ಎತ್ತಿ ಸಡಿಲ ತೆಗೆಯುತ್ತಾ ಮೇಲಕ್ಕೆ ಬನ್ನಿ. ಕೊನೆಗೆ ಲಾಕ್ ಕೆಳಗೆ ತಳ್ಳಿ.

ಈಗ ಎರಡು ಪರೀಕ್ಷೆ. ತುದಿಗಾಲಲ್ಲಿ ನಿಲ್ಲಿ, ಹಿಮ್ಮಡಿ ಶೂನಿಂದ ಮೇಲೆ ಜಾರಿ ಬಂದರೆ ಸಡಿಲ. ಲಾಕ್ ಮುಟ್ಟದೆ ಶೂ ತೆಗೆದು ಮತ್ತೆ ಹಾಕಿ, ಹಿಂದಿನ ಪಟ್ಟಿಗೆ ಬೆರಳು ಕೊಟ್ಟು ಎಳೆದರೂ ಕಾಲು ಒಳಗೆ ಹೋಗದಿದ್ದರೆ ಬಿಗಿ. ಎರಡರಲ್ಲೂ ಪಾಸಾದರೆ ಲಾಕ್ ಕೂತ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ನಾಲ್ಕೈದು ಕಿಲೋಮೀಟರ್ ಓಡಿ. ಬೆರಳು ಜುಮುಜುಮು ಎಂದರೆ ಸ್ವಲ್ಪ ಬಿಡಿ. ಇಳಿಜಾರಿನಲ್ಲಿ ಹೆಬ್ಬೆರಳು ಶೂ ಮೂತಿಗೆ ಬಡಿದರೆ ಸ್ವಲ್ಪ ಎಳೆಯಿರಿ.

ನನ್ನ ಗೆಳೆಯನೊಬ್ಬ ಇದೆಲ್ಲ ಸುಮ್ನೆ ತಲೆನೋವು ಎಂದು ಕೂತಲ್ಲೇ ಬಿಗಿ ಮಾಡಿ, ಲಾಕ್‌ನಿಂದ ಒಂದು ಬೆರಳಗಲ ಬಿಟ್ಟು ಉಳಿದದ್ದನ್ನು ಕತ್ತರಿಸಿದ. ಆರನೇ ಕಿಲೋಮೀಟರ್ ಹೊತ್ತಿಗೆ ಎರಡು ಬೆರಳು ಮರಗಟ್ಟಿದವು. ಸಡಿಲ ಮಾಡೋಣ ಎಂದು ಲಾಕ್ ಎತ್ತಿದರೆ ತುದಿಗಳೇ ಲಾಕಿನಿಂದ ಆಚೆ ಬಂದವು, ಬಿಡಲು ಉದ್ದವೇ ಇರಲಿಲ್ಲ. ಎರಡನೇ ಜೋಡಿ ಹಾಕಿದಾಗ ನಿಂತು ಅಳೆದ, ಲಾಕ್ ಮೊದಲಿಗಿಂತ ಸುಮಾರು ಎರಡು ಸೆಂಟಿಮೀಟರ್ ಮೇಲೆ ಕೂತಿತು. ಅದಕ್ಕೇ ಹೇಳಿದ್ದು, ಕತ್ತರಿ ಕೊನೆಗೆ. ಆಗಲೂ ನಾಲ್ಕು ಬೆರಳಗಲ ಉಳಿಸಿಕೊಳ್ಳಿ. ಮತ್ತೆ, ಹಿಡಿಯದೆ ಜಾರುವ ಅಗ್ಗದ ಲಾಕ್ ಬೇಡ. ಬಾಲ ಎಳೆದಾಗ ಲೇಸ್ ಸರಿದರೆ ಅದನ್ನು ಎಸೆಯಿರಿ.

ಎಲಾಸ್ಟಿಕ್‌ನ ಮಿತಿಯೂ ಇದೆ. ಪಾದದ ಮೇಲೆ ಬಿಗಿ, ಬೆರಳ ಹತ್ತಿರ ಸಡಿಲ ಬೇಕು ಎಂದರೆ ನಯವಾದ ಎಲಾಸ್ಟಿಕ್ ಕೇಳುವುದಿಲ್ಲ, ಓಡುತ್ತಾ ಓಡುತ್ತಾ ಬಿಗಿಯೆಲ್ಲ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಉಬ್ಬುಗಳಿರುವ ಲೇಸಾದರೆ ಉಬ್ಬು ತೂತಿಗೆ ಸಿಕ್ಕಿ ನಿಲ್ಲುತ್ತದೆ. ಅಗಲ ಪಾದದವರಿಗೆ ನಾನು ಅದನ್ನೇ ಹೇಳುವುದು.

ವೆಲ್ಕ್ರೋ? ಸೈಕಲ್ ಶೂಗೆ ಚೆನ್ನ, ಒಂದೇ ಕೈಯಲ್ಲಿ ಆಗುತ್ತದೆ, ಸೈಕಲ್ ಮೇಲಿದ್ದಾಗಲೂ ಬಿಗಿ ಬದಲಿಸಬಹುದು. ಕಾಲು ದಿನವಿಡೀ ಊದಿ ಇಳಿಯುವವರಿಗಂತೂ ಇದಕ್ಕಿಂತ ಸುಲಭ ಇಲ್ಲ. ಆದರೆ ಓಟದ ಶೂಗೆ ನಾನು ಬೇಡ ಎನ್ನುತ್ತೇನೆ. ಪಟ್ಟಿ ಇರುವ ಎರಡು ಮೂರು ಕಡೆ ಮಾತ್ರ ಒತ್ತುತ್ತದೆ, ನಡುವೆ ಪಾದ ಅಲುಗಾಡುತ್ತದೆ. ಒಗೆಯುವಾಗ ಪಟ್ಟಿ ತೆರೆದಿಟ್ಟರೆ ಕೊಕ್ಕೆಗಳಿಗೆ ನೂಲು, ಕೂದಲು ತುಂಬಿಕೊಳ್ಳುತ್ತದೆ. ಬಿಚ್ಚುವಾಗ ಬರುವ ಚರ್ ಸದ್ದು ಮೆತ್ತಗಾಯಿತು ಅಂದರೆ ಹಿಡಿತ ಹೋಗುತ್ತಿದೆ ಎಂದರ್ಥ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ನೋಡಿ.

ಕಲ್ಲುದಾರಿ, ಇಳಿಜಾರು, ಉದ್ದ ಓಟ ಎಂದರೆ ಮಾಮೂಲಿ ಲೇಸೇ ಸರಿ. ಕಟ್ಟಲು ಹೊತ್ತು ಜಾಸ್ತಿ, ಆದರೆ ಎಲ್ಲಿ ಬಿಗಿ ಬೇಕೋ ಅಲ್ಲೇ ಕೊಡಬಹುದು. ಗಂಟು ಬಿಚ್ಚಿಹೋಗುತ್ತದೆ ಎನ್ನುವವರು ಕಟ್ಟಿದ ಮೇಲೆ ಒಮ್ಮೆ ಬಗ್ಗಿ ನೋಡಿ. ಚಿಟ್ಟೆಯ ಎರಡು ರೆಕ್ಕೆ ಶೂಗೆ ಅಡ್ಡ ಮಲಗಿದ್ದರೆ ಸರಿ. ಒಂದು ಮೂತಿ ಕಡೆ, ಇನ್ನೊಂದು ಹಿಮ್ಮಡಿ ಕಡೆ ತಿರುಗಿದ್ದರೆ ಅದು ಜಾರುವ ಗಂಟು. ಸರಿ ಮಾಡಲು ಮೊದಲ ಸುತ್ತನ್ನು ಮಾತ್ರ ತಿರುವು ಮುರುವು ಮಾಡಿ: ಬಲದ ದಾರ ಎಡದ ಮೇಲೆ ಹೋಗುತ್ತಿದ್ದರೆ ಇನ್ನು ಮುಂದೆ ಎಡದ್ದು ಬಲದ ಮೇಲೆ ಹೋಗಲಿ. ಉಳಿದದ್ದನ್ನು ಎಂದಿನಂತೆ ಕಟ್ಟಿ.