ಅಣ್ಣನ ಠೇವಣಿ ಬಡ್ಡಿಯಲ್ಲಿ ಮುರಿದ 12,600 ರೂಪಾಯಿ

ಶಿರಸಿಯಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಜೂನ್ ಬಂತೆಂದರೆ ದಿನಕ್ಕೆ ಒಬ್ಬರಾದರೂ ಬಂದು, "ನಂಗೂ ರಿಫಂಡ್ ಮಾಡಿಸಿಕೊಡಿ" ಅನ್ನುತ್ತಾರೆ. ಅವರಿಗೆ ನಾನು ಕೇಳುವುದು ಒಂದೇ: "ನಿಮ್ಮಿಂದ ಜಾಸ್ತಿ ಹೋಗಿದೆಯಾ?" ಜಾಸ್ತಿ ಹೋಗಿದ್ದರೆ ಮಾತ್ರ ವಾಪಸ್ ಬರುವ ಮಾತು. ಇದನ್ನು ನನ್ನ ಅಣ್ಣನ ಲೆಕ್ಕದಲ್ಲೇ ಹೇಳುತ್ತೇನೆ. ಅವನ ರಿಟರ್ನ್ ತುಂಬಿದ್ದು ನಾನೇ.

ಅಣ್ಣ ಊರಲ್ಲಿ ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಎರಡು ಎಕರೆ ಇಪ್ಪತ್ತು ಗುಂಟೆ. ಕೆಲವು ವರ್ಷದ ಅಡಿಕೆ ದುಡ್ಡು ಸೇರಿಸಿ ಬ್ಯಾಂಕಿನಲ್ಲಿ 18 ಲಕ್ಷ ಠೇವಣಿ ಇಟ್ಟಿದ್ದ. ಬಡ್ಡಿ ವರ್ಷಕ್ಕೆ ಶೇ. 7, ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಜಮಾ. 2025ರ ಏಪ್ರಿಲ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಸೀದಾ ನನ್ನ ಹತ್ತಿರ ಬಂದ. "ತಮ್ಮಾ, 31,500 ಬರಬೇಕಿತ್ತು. ನಾಲ್ಕು ಸಲವೂ 28,350 ಬಂದಿದೆ. ಅಡಿಕೆಗೆ ತೆರಿಗೆ ಇಲ್ಲ ಅಲ್ವಾ? ಇದ್ಯಾಕೆ ಮುರಿದುಕೊಂಡರು?"

ಅಡಿಕೆಗೆ ತೆರಿಗೆ ಇಲ್ಲ, ನಿಜ. ಆದರೆ ಅಡಿಕೆ ಮಾರಿದ ದುಡ್ಡು ಬ್ಯಾಂಕಿಗೆ ಹೋಗಿ ಬಡ್ಡಿ ತಂದರೆ ಆ ಬಡ್ಡಿ ಕೃಷಿ ಆದಾಯ ಅಲ್ಲ. ಅದು ಎಲ್ಲರ ಬಡ್ಡಿಯ ಹಾಗೇ ಇನ್ನೊಂದು ಆದಾಯ. ಆ ವರ್ಷ, ಅಂದರೆ 2024-25ರಲ್ಲಿ, 60 ದಾಟದವರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 40,000 ಮೀರಿದರೆ ಬ್ಯಾಂಕು ಮುಂಗಡ ತೆರಿಗೆಯ ಹಾಗೆ ಶೇ. 10 ಟಿಡಿಎಸ್ ಮುರಿಯಲೇಬೇಕಿತ್ತು. ಅಣ್ಣನ ವರ್ಷದ ಬಡ್ಡಿ 1,26,000. ಸಲಕ್ಕೆ 3,150ರಂತೆ ಒಟ್ಟು 12,600 ಹೋಗಿತ್ತು.

ಬ್ಯಾಂಕಿನವರು ತಪ್ಪು ಮಾಡಿರಲಿಲ್ಲ. ಅವರಿಗೆ ಕಾಣುವುದು ತಮ್ಮ ಹತ್ತಿರ ಇರುವ ಠೇವಣಿ ಮಾತ್ರ. ಅಣ್ಣನಿಗೆ ಬೇರೆ ಸಂಬಳ ಇದೆಯೋ, ಬಾಡಿಗೆ ಇದೆಯೋ, ಏನೂ ಇಲ್ಲವೋ ಅವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಅಳತೆಗೋಲು, ಶೇ. 10. ನಿಜವಾದ ತೆರಿಗೆ ಲೆಕ್ಕ ಆಗುವುದು ವರ್ಷ ಮುಗಿದ ಮೇಲೆ, ಎಲ್ಲ ಆದಾಯ ಒಂದು ಕಡೆ ಕೂಡಿಸಿದಾಗ. ಅಣ್ಣನಿಗೆ ಕೃಷಿ ಬಿಟ್ಟರೆ ಈ ಬಡ್ಡಿ ಒಂದೇ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ 3 ಲಕ್ಷದವರೆಗೆ ತೆರಿಗೆ ಇರಲಿಲ್ಲ. ಅಂದರೆ ಅವನು ಕೊಡಬೇಕಾದ್ದು ಸೊನ್ನೆ, ಕೊಟ್ಟಿದ್ದು 12,600.

ಇದೇ ಬಡ್ಡಿ ಶೇ. 30ರ ಹಂತದಲ್ಲಿರುವ ನೌಕರರಿಗೆ ಬಂದಿದ್ದರೆ ಲೆಕ್ಕ ತಿರುಗುತ್ತಿತ್ತು. ಶೇ. 10 ಹೋಗಿದೆ, ಉಳಿದದ್ದನ್ನು ಅವರೇ ಕಟ್ಟಬೇಕು. ಟಿಡಿಎಸ್ ಮುರಿದಿದ್ದಾರೆ ಅಂದಮೇಲೆ ವಾಪಸ್ ಬಂದೇ ಬರುತ್ತದೆ ಅಂತ ನಂಬಿದವರಿಗೆ ಇದನ್ನು ಹೇಳುವಾಗ ನನಗೇ ಬೇಜಾರಾಗುತ್ತದೆ.

ಅಣ್ಣ ಬ್ಯಾಂಕಿಗೆ ಹೋಗಿ ದುಡ್ಡು ಕೇಳುತ್ತೇನೆಂದು ಎದ್ದ. ಅದು ಆಗುವ ಮಾತಲ್ಲ. ಮುರಿದ ದುಡ್ಡನ್ನು ಬ್ಯಾಂಕು ಮುಂದಿನ ತಿಂಗಳು 7ರೊಳಗೆ, ಮಾರ್ಚ್‌ನದನ್ನು ಏಪ್ರಿಲ್ 30ರೊಳಗೆ, ಸರ್ಕಾರಕ್ಕೆ ಕಟ್ಟುತ್ತದೆ. ಆಮೇಲೆ ಅದು ಅಣ್ಣನ ಪ್ಯಾನ್ ಹೆಸರಲ್ಲಿ ಸರ್ಕಾರದ ಹತ್ತಿರ ಇರುವ ದುಡ್ಡು. ವಾಪಸ್ ಪಡೆಯುವ ದಾರಿ ರಿಟರ್ನ್ ಮಾತ್ರ. ಇಷ್ಟು ಆದಾಯಕ್ಕೆ ಅವನು ರಿಟರ್ನ್ ಹಾಕಬೇಕಾಗಿಯೇ ಇರಲಿಲ್ಲ. ದುಡ್ಡು ಬೇಕಾದ್ದರಿಂದ ಹಾಕಬೇಕಾಯಿತು. ಬ್ಯಾಂಕಿಗೆ ಅವನನ್ನು ಕಳಿಸಿದೆ, ಆದರೆ ಬೇರೆ ಕೆಲಸಕ್ಕೆ: ಹೊಸ ವರ್ಷಕ್ಕೆ 15ಜಿ ನಮೂನೆ ಕೊಟ್ಟು ಬರಲು. "ನನ್ನ ವರ್ಷದ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಮುರಿಯಬೇಡಿ" ಅಂತ ಹೇಳುವ ಕಾಗದ ಅದು. 60 ದಾಟಿದವರಿಗೆ ಆಗ 15ಎಚ್ ಇತ್ತು. ಅದನ್ನು ವರ್ಷವರ್ಷವೂ ಕೊಡಬೇಕಿತ್ತು. ಹಿಂದಿನ ಏಪ್ರಿಲ್‌ನಲ್ಲೇ ಕೊಟ್ಟಿದ್ದರೆ ಈ 12,600 ಹೋಗುತ್ತಲೇ ಇರಲಿಲ್ಲ.

ಮೇ ತಿಂಗಳಲ್ಲಿ ಅವನ 26ಎಎಸ್, ಅಂದರೆ ಪ್ಯಾನ್ ಹೆಸರಲ್ಲಿ ಜಮಾ ಆದ ತೆರಿಗೆಯ ಪಟ್ಟಿ, ತೆಗೆದು ನೋಡಿದಾಗ 9,450 ಮಾತ್ರ ಕಾಣುತ್ತಿತ್ತು. ಕೊನೆಯ ಕಂತು ಇಲ್ಲ. ಗಾಬರಿ ಬೀಳಬೇಕಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ವಿವರವನ್ನು ಬ್ಯಾಂಕು ಕೊಡಲು ಮೇ 31ರವರೆಗೆ ಸಮಯ ಇರುತ್ತದೆ. ಜೂನ್‌ನಲ್ಲಿ ನಾಲ್ಕೂ ಸಾಲು ಬಂದವು. ಅಲ್ಲಿ ಕಾಣುವ ಮೊದಲೇ 12,600 ಅಂತ ತುಂಬಿದ್ದರೆ, ಇಲಾಖೆ ಕಂಡಷ್ಟನ್ನು ಮಾತ್ರ ಒಪ್ಪಿ ಉಳಿದದ್ದಕ್ಕೆ ಓಡಾಡಿಸುವ ಸಾಧ್ಯತೆ ಇತ್ತು.

ನಮ್ಮ ಕಡೆಯ ತೋಟದವರು ಎಡವುವ ಜಾಗ ರಿಟರ್ನಿನ ನಮೂನೆ. ಬಡ್ಡಿ ಒಂದೇ ಅಲ್ವಾ ಅಂತ ಸುಲಭದ ಐಟಿಆರ್-1 ತುಂಬುತ್ತಾರೆ. ಕೃಷಿ ಆದಾಯ 5,000 ಮೀರಿದರೆ ಅದು ನಡೆಯುವುದಿಲ್ಲ. ಅಣ್ಣನಿಗೆ ಐಟಿಆರ್-2 ತುಂಬಿದೆ. ಅದರಲ್ಲಿ ತೆರಿಗೆ ಇಲ್ಲದ ಆದಾಯ ತೋರಿಸುವ `Schedule EI`ಯಲ್ಲಿ ತೋಟದ ಒಟ್ಟು ಉತ್ಪತ್ತಿ, ಖರ್ಚು, ಉಳಿದದ್ದು ಬರೆಯಬೇಕು. ಕೊಯ್ಲಿನ ಕೂಲಿ, ಗೊಬ್ಬರ, ಮಳೆಗಾಲದ ಮದ್ದು ಹೊಡೆಸಿದ್ದು ಎಲ್ಲ ಕಳೆದು ಅವನಿಗೆ 5,60,000 ಉಳಿದಿತ್ತು. 5 ಲಕ್ಷ ದಾಟಿದ್ದರಿಂದ ಜಮೀನಿನ ವಿವರವೂ ಬೇಕಾಯಿತು: ಜಿಲ್ಲೆ, ಪಿನ್ ಕೋಡ್, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆ ಆಶ್ರಿತವೋ, ಎಷ್ಟು ಎಕರೆ. ಪಹಣಿಯಲ್ಲಿ 2-20 ಅಂತ ಇದೆ ಅಂತ 2.20 ಬರೆಯಬಾರದು. ನಲವತ್ತು ಗುಂಟೆಗೆ ಒಂದು ಎಕರೆ, ಇಪ್ಪತ್ತು ಗುಂಟೆ ಅಂದರೆ ಅರ್ಧ. ಬರೆಯಬೇಕಾದ್ದು 2.5.

ತೋಟದ ಆದಾಯ ತೋರಿಸಿದರೆ ತೆರಿಗೆ ಬೀಳುತ್ತದಾ ಅಂತ ಅಣ್ಣನಿಗೆ ಭಯ. ಕೃಷಿ ಬಿಟ್ಟು ಉಳಿದ ಆದಾಯ ಆ ವರ್ಷ 3 ಲಕ್ಷ ಮೀರಿದ್ದರೆ, ಅದರ ಮೇಲಿನ ತೆರಿಗೆ ದರ ನಿರ್ಧರಿಸಲು ಕೃಷಿ ಆದಾಯವನ್ನೂ ಜೊತೆಗೆ ಕೂಡಿಸುತ್ತಿದ್ದರು. ಅವನದು 1,26,000 ಮಾತ್ರ. ಹಾಗಾಗಿ ತೋರಿಸಿದರೂ ತೆರಿಗೆ ಸೊನ್ನೆಯೇ. ಮುಚ್ಚಿಟ್ಟರೆ ಮಾತ್ರ ತೊಂದರೆ. 18 ಲಕ್ಷ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಉತ್ತರ ಇರುವುದೇ ಆ ತೋಟದಲ್ಲಿ.

ಜುಲೈ ಕೊನೆಯ ವಾರ ರಿಟರ್ನ್ ಹಾಕಿ, ಆಧಾರ್ ಒಟಿಪಿಯಿಂದ ಅವತ್ತೇ ದೃಢೀಕರಿಸಿದೆ. 30 ದಿನದೊಳಗೆ ದೃಢೀಕರಿಸದಿದ್ದರೆ ಹಾಕಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಖಾತೆಗೆ 12,978 ಬಂತು.

ಆ 378 ಏನು ಅಂತ ಅಣ್ಣ ಕೇಳಿದ. ಸರ್ಕಾರ ಕೊಟ್ಟ ಬಡ್ಡಿ. ತಿಂಗಳಿಗೆ ಶೇ. 0.5, 12,600ಕ್ಕೆ 63 ರೂಪಾಯಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳು. ಆದರೆ ಮೊದಲ 3,150 ಹೋಗಿದ್ದು 2024ರ ಜೂನ್‌ನಲ್ಲಿ. ಅಲ್ಲಿಂದ 2025ರ ಮಾರ್ಚ್‌ವರೆಗೆ ಒಂಬತ್ತು ತಿಂಗಳು ಅದು ಬಡ್ಡಿಯಿಲ್ಲದೆ ಕೂತಿತ್ತು. ಅದೇ ದುಡ್ಡು ಠೇವಣಿಯಲ್ಲಿದ್ದರೆ ಶೇ. 7 ದುಡಿಯುತ್ತಿತ್ತು. ರಿಫಂಡ್ ಬಂತು ಅಂತ ಸಿಹಿ ಹಂಚುವವರನ್ನು ನೋಡಿದ್ದೇನೆ. ಅಣ್ಣನಿಗೆ ನಾನು ಹೇಳಿದ್ದು, "ಇದು ಸರ್ಕಾರ ಕೊಟ್ಟದ್ದಲ್ಲ. ನೀನು ಕಡ ಕೊಟ್ಟಿದ್ದೆ, ಅದು ತಿರುಗಿ ಬಂತು."

ಹಾಗಾಗಿ 12,600 ಅವನ 2025-26ರ ಆದಾಯ ಅಲ್ಲ, ಅದನ್ನು ಎಲ್ಲೂ ತೋರಿಸಬೇಕಿಲ್ಲ. 378 ಮಾತ್ರ ಹೊಸ ಆದಾಯ. ಠೇವಣಿ ಬಡ್ಡಿಯ ಕೆಳಗೆ ಅದನ್ನೂ 2025-26ರ ಪುಟದಲ್ಲಿ ಬರೆದಿಡು ಅಂದೆ. ಅಡಿಕೆ ಲೆಕ್ಕದ ಪುಸ್ತಕ ತೆಗೆದು ಬರೆದುಕೊಂಡ. ಅದರ ಮೇಲಿನ ಸಾಲಿನಲ್ಲಿ ಜೂನ್ ಕೊನೆಗೆ ಬಂದ ಬಡ್ಡಿ ಇತ್ತು, ಪೂರ್ತಿ 31,500.